ಒಂದೇ ತೋಟದ ಲೆಕ್ಕಕ್ಕೆ ಎರಡು ಐಆರ್‌ಆರ್ ಬಂದ್ರೆ ಯಾವುದನ್ನ ನಂಬೋದು?

ಪ್ರಶ್ನೆ: ಸುಂಟಿಕೊಪ್ಪ ಹತ್ರ ದೊಡ್ಡಪ್ಪನ 10 ಎಕರೆ ಹಳೇ ರೋಬಸ್ಟಾ ತೋಟ 12 ವರ್ಷದ ಒಪ್ಪಂದದ ಮೇಲೆ ನನ್ನ ಕೈಲಿದೆ, ಮರದ ದುಡ್ಡೂ ನನಗೇ ಅಂತ ಮಾತಾಗಿದೆ. ಸಿಲ್ವರ್ ಓಕ್ ಮಾರಿದ್ರೆ ಈಗ 50 ಲಕ್ಷ ಬರತ್ತೆ. ಆಮೇಲೆ ಹಳೇ ಗಿಡ ಕಿತ್ತು ಹೊಸದು ಹಾಕಿದ್ರೆ, ಕೈಬಿಟ್ಟು ಹೋಗೋ ಫಸಲೂ ಸೇರಿ ನಾಲ್ಕು ವರ್ಷ ವರ್ಷಕ್ಕೆ 25 ಲಕ್ಷ ಹೋಗತ್ತೆ. 5ನೇ ವರ್ಷದಿಂದ 12ನೇ ವರ್ಷದವರೆಗೆ ಈಗಿನದ್ದಕ್ಕಿಂತ ವರ್ಷಕ್ಕೆ 8 ಲಕ್ಷ ಜಾಸ್ತಿ ಬರತ್ತೆ. ನನ್ನ ಎಕ್ಸೆಲ್‌ನಲ್ಲಿ ಐಆರ್‌ಆರ್ 9.8% ಬಂತು, ಭಾವನ ಲ್ಯಾಪ್‌ಟಾಪಲ್ಲಿ ಅದೇ ನಂಬರ್‌ಗಳಿಗೆ 19.7% ಬಂತು. ಬ್ಯಾಂಕ್ ಸಾಲ 12%ಗೆ ಸಿಗತ್ತೆ. ಯಾರ ಲೆಕ್ಕ ಸರಿ? ಕೆಲಸ ಶುರು ಮಾಡ್ಲಾ?

ಉತ್ತರ:

ಇಬ್ಬರ ಲೆಕ್ಕವೂ ಸರಿ ಇದೆ, ಆದ್ರೆ ಈ ತೀರ್ಮಾನಕ್ಕೆ ಎರಡೂ ಉಪಯೋಗಕ್ಕೆ ಬರಲ್ಲ. ನೀವು ಕೊಟ್ಟಿರೋ ನಂಬರ್‌ಗಳೇ ನಿಜ ಅಂತಿಟ್ಕೊಂಡ್ರೆ, 12 ವರ್ಷದ ಒಪ್ಪಂದದಲ್ಲಿ ಈಗ ಮರ ಕಡಿಸಬೇಡಿ. ಒಪ್ಪಂದ 15 ವರ್ಷಕ್ಕೆ ಹೋದ್ರೆ ಯೋಚಿಸಬಹುದು, ಅದಕ್ಕೂ ಒಂದೆರಡು ಷರತ್ತು ಇದೆ, ಕೊನೇಲಿ ಹೇಳ್ತೀನಿ. ಮೊದಲು ಎರಡು ಉತ್ತರ ಯಾಕೆ ಬಂತು ಅನ್ನೋದು ಗೊತ್ತಾಗ್ಬೇಕು, ಯಾಕಂದ್ರೆ ಅದು ಗೊತ್ತಾದ್ರೆ ತೀರ್ಮಾನಕ್ಕೆ ಏನು ಬೇಕು ಅನ್ನೋದೂ ತಾನಾಗೇ ಗೊತ್ತಾಗತ್ತೆ.

ಐಆರ್‌ಆರ್ ಅಂದ್ರೆ ಎನ್‌ಪಿವಿಯನ್ನ ಸೊನ್ನೆ ಮಾಡೋ ಬಡ್ಡಿ ದರ, ಅಷ್ಟೇ. ಮುಂದೆ ಬರೋ ಹೋಗೋ ದುಡ್ಡನ್ನೆಲ್ಲ ಒಂದು ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿ ಕೂಡಿದ್ರೆ ಬರೋದು ಎನ್‌ಪಿವಿ, ಅದು ಯಾವ ದರದಲ್ಲಿ ಸರಿಯಾಗಿ ಸೊನ್ನೆ ಆಗತ್ತೋ ಅದೇ ಐಆರ್‌ಆರ್. ಸಾಮಾನ್ಯ ಪ್ರಾಜೆಕ್ಟಲ್ಲಿ, ಅಂದ್ರೆ ಮೊದಲು ದುಡ್ಡು ಹಾಕಿ ಆಮೇಲೆ ವರ್ಷ ವರ್ಷ ಬರೋ ಕಡೆ, ದರ ಏರಿಸ್ತಾ ಹೋದ್ರೆ ಎನ್‌ಪಿವಿ ಇಳೀತಾನೇ ಹೋಗತ್ತೆ, ಸೊನ್ನೆಯನ್ನ ಒಂದೇ ಸಲ ದಾಟತ್ತೆ, ಹಾಗಾಗಿ ಉತ್ತರ ಒಂದೇ. ನಿಮ್ಮ ತೋಟದ ಲೆಕ್ಕ ಹಾಗಿಲ್ಲ. ಮೊದಲು ಮರದ ದುಡ್ಡು ಒಳಗೆ ಬರತ್ತೆ, ಆಮೇಲೆ ನಾಲ್ಕು ವರ್ಷ ಹೊರಗೆ ಹೋಗತ್ತೆ, ಆಮೇಲೆ ಮತ್ತೆ ಒಳಗೆ. ಪ್ಲಸ್, ಮೈನಸ್, ಪ್ಲಸ್. ಚಿಹ್ನೆ ಎರಡು ಸಲ ಬದಲಾಗಿದೆ. ಐಆರ್‌ಆರ್ ಹುಡುಕೋದು ಅಂದ್ರೆ ಒಂದು ಬಹುಪದಿ ಸಮೀಕರಣ ಬಿಡಿಸೋದು, ಅದರಲ್ಲಿ ಚಿಹ್ನೆ ಎಷ್ಟು ಸಲ ಬದಲಾಗತ್ತೋ ಧನ ಉತ್ತರಗಳು ಹೆಚ್ಚಂದ್ರೆ ಅಷ್ಟು ಇರಬಹುದು ಅಂತ ಡೇಕಾರ್ಟ್ 1637ರಲ್ಲೇ ಹೇಳಿಟ್ಟಿದ್ದಾನೆ. ಹೆಚ್ಚಂದ್ರೆ ಅನ್ನೋದನ್ನ ಗಮನಿಸಿ, ಎರಡು ಬದಲಾವಣೆ ಇದ್ರೆ ಎರಡು ಉತ್ತರ ಬರಬಹುದು, ಒಂದೂ ಬರದೇನೂ ಇರಬಹುದು. ಆ ಒಂದೂ ಬರದ ಕೇಸು ನಿಮ್ಮ ತೋಟಕ್ಕೆ ಎಷ್ಟು ಹತ್ತಿರ ಇದೆ ಅಂತ ಆಮೇಲೆ ತೋರಿಸ್ತೀನಿ.

ಹಣಕಾಸಿನವರಿಗೆ ಇದು ಹೊಸ ವಿಷಯ ಏನಲ್ಲ. 1955ರಲ್ಲಿ ಜೇಮ್ಸ್ ಲೋರಿ ಮತ್ತೆ ಲೆನರ್ಡ್ ಸ್ಯಾವೇಜ್ ಅಂತ ಇಬ್ಬರು ಎಣ್ಣೆ ಬಾವಿಗೆ ದೊಡ್ಡ ಪಂಪ್ ಹಾಕೋ ಉದಾಹರಣೆ ಕೊಟ್ಟಿದ್ರು. ಪಂಪಿಗೆ ಈಗ 1,600 ಡಾಲರ್ ಖರ್ಚು, ಮುಂದಿನ ವರ್ಷ 10,000 ಜಾಸ್ತಿ ಬರತ್ತೆ, ಆದ್ರೆ ಎಣ್ಣೆ ಬೇಗ ಖಾಲಿಯಾಗೋದ್ರಿಂದ ಅದರಾಚೆ ವರ್ಷ 10,000 ಕಮ್ಮಿಯಾಗತ್ತೆ. ಇದಕ್ಕೆ ಐಆರ್‌ಆರ್ 25% ಅಂದ್ರೂ ಸರಿ, 400% ಅಂದ್ರೂ ಸರಿ. ಅಲ್ಲಿ ಎರಡರ ನಡುವೆ ಅಜಗಜಾಂತರ ಇರೋದ್ರಿಂದ ಏನೋ ಎಡವಟ್ಟಾಗಿದೆ ಅಂತ ನೋಡಿದ ಕೂಡ್ಲೇ ಗೊತ್ತಾಗತ್ತೆ. ನಿಮ್ಮದು ಅದಕ್ಕಿಂತ ಅಪಾಯ, ಯಾಕಂದ್ರೆ 9.8 ಮತ್ತೆ 19.7 ಎರಡೂ ನಂಬೋ ಹಾಗಿರೋ ನಂಬರ್‌ಗಳೇ, ಅದೂ ನಿಮ್ಮ ಸಾಲದ 12% ಸರಿಯಾಗಿ ಇವೆರಡರ ನಡುವೆ ಬಂದು ಕೂತಿದೆ. ಒಬ್ಬರು ಬೇಡ ಅಂತಾರೆ, ಇನ್ನೊಬ್ಬರು ಕಣ್ಣುಮುಚ್ಚಿ ಮಾಡಿ ಅಂತಾರೆ.

ನಿಮ್ಮಿಬ್ಬರ ಎಕ್ಸೆಲ್ ಬೇರೆ ಬೇರೆ ಹೇಳೋಕೆ ಕಾರಣ ಇಷ್ಟೇ. IRR ಫಂಕ್ಷನ್ ಉತ್ತರವನ್ನ ಸೂತ್ರದಿಂದ ನೇರವಾಗಿ ತೆಗೆಯಲ್ಲ, ಒಂದು ಅಂದಾಜಿನಿಂದ ಶುರು ಮಾಡಿ ಹತ್ತಿರ ಹತ್ತಿರ ಹೋಗಿ ಸೊನ್ನೆ ಸಿಕ್ಕಿದ ಕಡೆ ನಿಂತುಬಿಡತ್ತೆ. ನಾವು ಅಂದಾಜು ಕೊಡದೇ ಇದ್ರೆ ಅದೇ 10% ಅಂತ ಹಿಡ್ಕೊಳತ್ತೆ. ನಿಮಗೆ 10ರ ಪಕ್ಕದಲ್ಲೇ 9.8 ಸಿಕ್ಕಿತು. ಭಾವ ಬಹುಶಃ ಎರಡನೇ ಜಾಗದಲ್ಲಿ ದೊಡ್ಡ ಅಂದಾಜು ಏನೋ ಹಾಕಿದ್ದಾರೆ. 0ರಿಂದ 12ನೇ ವರ್ಷದ ತನಕದ ನಂಬರ್‌ಗಳು B2ರಿಂದ B14ರಲ್ಲಿ ಇವೆ ಅಂತಿಟ್ಕೊಳ್ಳಿ, ಇದನ್ನ ಹಾಕಿ ನೋಡಿ:

```
=IRR(B2:B14)
=IRR(B2:B14, 0.25)
=NPV(12%, B3:B14) + B2
```

ಮೊದಲನೇದಕ್ಕೆ 9.8, ಎರಡನೇದಕ್ಕೆ 19.7. ಇನ್ನೊಂದು ಉತ್ತರ ಇದೆ ಅಂತ ಎಕ್ಸೆಲ್ ಯಾವತ್ತೂ ಹೇಳಲ್ಲ, ಸಿಕ್ಕಿದ್ದನ್ನ ಕೊಟ್ಟು ಸುಮ್ಮನಾಗತ್ತೆ. ಮೂರನೇ ಸಾಲಲ್ಲಿ B2ನ ಹೊರಗಿಟ್ಟು ಕೂಡಿದ್ದೀನಿ, ಅದನ್ನ ಮರೀಬೇಡಿ. NPV ಫಂಕ್ಷನ್ ಒಳಗೆ ಕೊಟ್ಟ ಮೊದಲ ನಂಬರನ್ನೂ ಒಂದು ವರ್ಷ ಆದ್ಮೇಲೆ ಬರೋದು ಅಂತಲೇ ಲೆಕ್ಕ ಹಾಕತ್ತೆ, ನಿಮ್ಮ ಮರದ ದುಡ್ಡು ಈಗಲೇ ಬರೋದು.

ಈಗ ಆ ಮೂರನೇ ಸಾಲಲ್ಲಿ 12% ಇರೋ ಜಾಗದಲ್ಲಿ ಬೇರೆ ಬೇರೆ ದರ ಹಾಕ್ತಾ ಹೋಗಿ. ಇಂಥ ಲೆಕ್ಕ ಬಂದಾಗ ಮೊದಲು ಮಾಡಬೇಕಾದ ಕೆಲಸ ಇದೇ. 0%ಗೆ 14 ಲಕ್ಷ ಲಾಭ ಕಾಣತ್ತೆ. 5%ಗೆ ಅದು 3.9 ಲಕ್ಷಕ್ಕೆ ಇಳಿಯತ್ತೆ, 8%ಗೆ ಒಂದು ಲಕ್ಷದ ಹತ್ರ. 9.8ಕ್ಕೆ ಸೊನ್ನೆ ದಾಟಿ ಕೆಳಗೆ ಹೋಗತ್ತೆ, 12%ಗೆ 68 ಸಾವಿರ ನಷ್ಟ, 15%ಗೆ 85 ಸಾವಿರ ನಷ್ಟ. ಅಲ್ಲಿಂದ ತಿರುಗಿ ಮೇಲೆ ಹತ್ತೋಕೆ ಶುರು ಮಾಡತ್ತೆ, 19.7ರಲ್ಲಿ ಮತ್ತೆ ಸೊನ್ನೆ, 25%ಗೆ 1.9 ಲಕ್ಷ ಲಾಭ, 30%ಗೆ 4 ಲಕ್ಷ ಲಾಭ. ಬಡ್ಡಿ ಜಾಸ್ತಿಯಾದಷ್ಟೂ ಪ್ರಾಜೆಕ್ಟ್ ಚೆನ್ನಾಗಿ ಕಾಣೋದು ಮೊದಲ ನೋಟಕ್ಕೆ ವಿಚಿತ್ರ ಅನ್ಸತ್ತೆ, ಆದ್ರೆ ಅದಕ್ಕೆ ಸರಿಯಾದ ಕಾರಣ ಇದೆ. ಹಾಗೇ ಇನ್ನೊಂದು ವಿಷಯನೂ ಇಲ್ಲೇ ಕಾಣತ್ತೆ ನೋಡಿ, 10ರಿಂದ 20% ತನಕ ಎಲ್ಲಿ ನಿಂತ್ರೂ ನಷ್ಟ ಒಂದು ಲಕ್ಷ ಮುಟ್ಟಲ್ಲ. ನೂರು ಲಕ್ಷ ಹೊರಗೆ ಹೋಗೋ ಕೆಲಸಕ್ಕೆ ಇದು ಏನೂ ಅಲ್ಲ. ಐಆರ್‌ಆರ್‌ನಲ್ಲಿ 9.8, 19.7 ಅಂತ ಅಷ್ಟು ದೂರ ಕಂಡಿದ್ದು ಎನ್‌ಪಿವಿಯ ಗೆರೆ ಸೊನ್ನೆಗೆ ಅಂಟ್ಕೊಂಡೇ ಮಲಗಿರೋದ್ರಿಂದ.

ಕಾರಣಕ್ಕೆ ಬರೋಣ. ಈ ಕೆಲಸಕ್ಕೇ ಅಂತ ಬೇರೆ ಒಂದು ಪಾಸ್‌ಬುಕ್ ಮಾಡಿಸಿದ್ದೀರಿ ಅಂತಿಟ್ಕೊಳ್ಳಿ, ಬರೋ ದುಡ್ಡೆಲ್ಲ ಅದರಲ್ಲಿ ಜಮಾ, ಹೋಗೋದೆಲ್ಲ ಅದರಿಂದಲೇ. ಭಾವನ 19.7%ನೇ ಹಾಕಿ ನೋಡೋಣ. ಮೊದಲ ದಿನ ಮರದ 50 ಲಕ್ಷ ಜಮಾ. ವರ್ಷ ಕಳೆದಾಗ ಅದು ಬಡ್ಡಿ ಸೇರಿ 59.85 ಆಗತ್ತೆ, ಅದರಿಂದ 25 ತೆಗೆದ್ರೆ 34.85 ಉಳಿಯತ್ತೆ. ಎರಡನೇ ವರ್ಷ ಅದು 41.7ಕ್ಕೆ ಬೆಳೆದು 25 ಹೋಗಿ 16.7. ಮೂರನೇ ವರ್ಷ 20ಕ್ಕೆ ಬಂದಿರತ್ತೆ, 25 ಬೇಕು, ಖಾತೆ 5 ಲಕ್ಷ ಮೈನಸ್. ನಾಲ್ಕನೇ ವರ್ಷ ಕೊನೆಗೆ 31 ಲಕ್ಷ ಸಾಲ. ಅಲ್ಲಿಂದ ವರ್ಷಕ್ಕೆ 8 ಲಕ್ಷ ಕಟ್ತಾ ಹೋದ್ರೆ, ಮೊದಲ ವರ್ಷ ಅದರಲ್ಲಿ 6 ಲಕ್ಷ ಬಡ್ಡಿಗೇ ಹೋಗತ್ತೆ, ಆದ್ರೂ ನಿಧಾನಕ್ಕೆ ಇಳಿದು 12ನೇ ವರ್ಷಕ್ಕೆ ಸರಿಯಾಗಿ ಸೊನ್ನೆ.

ಇದೇ ಪಾಸ್‌ಬುಕ್ಕನ್ನ 9.8%ಗೆ ಬರೆದ್ರೆ ಮೊದಲ ವರ್ಷಕ್ಕೆ 29.9 ಉಳಿಯತ್ತೆ, ಎರಡನೇ ವರ್ಷಕ್ಕೆ 7.8, ಮೂರಕ್ಕೆ 16.4 ಮೈನಸ್, ನಾಲ್ಕಕ್ಕೆ 43 ಮೈನಸ್. ಸಾಲ ದೊಡ್ಡದು ಆದ್ರೆ ಬಡ್ಡಿ ಕಮ್ಮಿ, ಹಾಗಾಗಿ ಅದೇ 8 ಲಕ್ಷದಲ್ಲಿ ಅದೂ 12ನೇ ವರ್ಷಕ್ಕೆ ತೀರತ್ತೆ.

ನಿಮ್ಮ ಪ್ರಶ್ನೆಗೆ ಉತ್ತರ ಈ ಎರಡು ಪಾಸ್‌ಬುಕ್‌ಗಳಲ್ಲೇ ಇದೆ. ಮೊದಲ ಎರಡು ಮೂರು ವರ್ಷ ಖಾತೆಯಲ್ಲಿ ದುಡ್ಡು ಇದೆ, ಆವಾಗ ಆ ದರ ಅಂದ್ರೆ ನಿಮ್ಮ ದುಡ್ಡಿಗೆ ಬರೋ ಬಡ್ಡಿ, ಅದು ಜಾಸ್ತಿ ಇದ್ದಷ್ಟೂ ನಿಮಗೆ ಒಳ್ಳೇದು. ಮೂರನೇ ವರ್ಷದಿಂದ ಖಾತೆ ಮೈನಸ್, ಆಗ ಅದೇ ದರ ನೀವು ಕಟ್ಟೋ ಬಡ್ಡಿ, ಜಾಸ್ತಿ ಆದಷ್ಟೂ ಕೆಟ್ಟದು. ಐಆರ್‌ಆರ್ ಈ ಎರಡು ಬೇರೆ ಬೇರೆ ಬಡ್ಡಿಗಳನ್ನೂ ಒಂದೇ ನಂಬರ್ ಅಂತ ಹಿಡಿದು ಲೆಕ್ಕ ಮಾಡತ್ತೆ. ಭಾವನ 19.7 ನಿಜ ಆಗ್ಬೇಕು ಅಂದ್ರೆ ಮರದ ದುಡ್ಡನ್ನ ನೀವು ಎಲ್ಲೋ 19.7%ಗೆ ಇಟ್ಟಿರಬೇಕು. ಅಷ್ಟು ಬಡ್ಡಿ ಕೊಡೋ ಡೆಪಾಸಿಟ್ ಎಲ್ಲಿದೆ? ದರ 25, 30 ಅಂತ ಏರಿಸಿದಾಗ ಎನ್‌ಪಿವಿ ಹೆಚ್ಚಿದ್ದೂ ಇದಕ್ಕೇ, ಅಷ್ಟು ಬಡ್ಡಿ ಹುಟ್ಟಿಸೋ ಜಾಗ ಕೈಯಲ್ಲಿ ಇರೋನಿಗೆ ಈಗಲೇ 50 ಲಕ್ಷ ಸಿಗೋದೇ ದೊಡ್ಡ ಲಾಭ, ಎಂಟು ವರ್ಷ ಬರೋ ಕಾಫಿ ದುಡ್ಡು ಅವನಿಗೆ ಲೆಕ್ಕಕ್ಕೇ ಇಲ್ಲ. ಹಾಗಾಗಿ 19.7ನ್ನ ತೋಟದ ಗಳಿಕೆ ಅಂತ ಓದಲೇಬಾರದು. ಅದು 12ಕ್ಕಿಂತ ದೊಡ್ಡದು ಅನ್ನೋ ಮಾತಿಗೆ ಅರ್ಥನೇ ಇಲ್ಲ.

ಹಾಗಾದ್ರೆ ಸರಿಯಾದ ಲೆಕ್ಕ ಹೇಗೆ ಅಂದ್ರೆ, ಪಾಸ್‌ಬುಕ್ಕಿಗೆ ನಿಮ್ಮ ನಿಜವಾದ ಎರಡು ದರಗಳನ್ನೇ ಹಾಕಿ. ದುಡ್ಡು ಪ್ಲಸ್ ಇರುವಾಗ ಎಫ್‌ಡಿ ಬಡ್ಡಿ, 7% ಅಂತಿಟ್ಕೊಳ್ಳೋಣ, ಮೈನಸ್ ಆದಾಗ ಬ್ಯಾಂಕಿನ 12%. 50 ಲಕ್ಷ ಒಂದು ವರ್ಷಕ್ಕೆ 53.5, ಅದರಿಂದ 25 ಹೋಗಿ 28.5. ಎರಡನೇ ವರ್ಷ 30.5 ಆಗಿ, 25 ಹೋಗಿ 5.5. ಮೂರನೇ ವರ್ಷ 5.9 ಇರತ್ತೆ, 25 ಬೇಕು, 19.1 ಲಕ್ಷ ಸಾಲ ತೆಗೀಬೇಕು. ನಾಲ್ಕನೇ ವರ್ಷ ಅದು ಬಡ್ಡಿ ಸೇರಿ 21.4, ಮೇಲೆ ಇನ್ನೊಂದು 25, ಒಟ್ಟು 46.4 ಲಕ್ಷ ಸಾಲ. ಐದನೇ ವರ್ಷದ ಬಡ್ಡಿಯೇ ಐದೂವರೆ ಲಕ್ಷ ದಾಟತ್ತೆ, 8 ಲಕ್ಷ ಕಟ್ಟಿದ್ರೆ ಅಸಲಲ್ಲಿ ಇಳಿಯೋದು ಬರೀ ಎರಡೂವರೆ ಲಕ್ಷದ ಹತ್ರ. ಹೀಗೇ ಹೋಗಿ 12ನೇ ವರ್ಷದ 8 ಲಕ್ಷ ಕಟ್ಟಿದ ಮೇಲೂ 16.5 ಲಕ್ಷ ಸಾಲ ಉಳಿದಿರತ್ತೆ. ತೋಟ ದೊಡ್ಡಪ್ಪನ ಕಡೆ ವಾಪಸ್ ಹೋಗಿರತ್ತೆ, ಸಾಲ ಮಾತ್ರ ನಿಮ್ಮ ಹೆಸರಲ್ಲಿ. ಬೇಡ ಅಂದಿದ್ದು ಇದಕ್ಕೆ.

ಆದ್ರೆ ಮೇಲೆ 12%ಗೆ ಎನ್‌ಪಿವಿ ಬರೀ 68 ಸಾವಿರ ನಷ್ಟ ಅಂತ ತೋರಿಸಿತ್ತಲ್ಲ, ಇಲ್ಲಿ ಹದಿನಾರೂವರೆ ಲಕ್ಷ ಎಲ್ಲಿಂದ ಬಂತು ಅಂತ ನೀವು ಕೇಳ್ಬೇಕು. ಆ 68 ಸಾವಿರವನ್ನ 12 ವರ್ಷ ಮುಂದಕ್ಕೆ ಒಯ್ದ್ರೆ 2.6 ಲಕ್ಷ ಆಗತ್ತೆ. ಮಿಕ್ಕಿದ್ದೆಲ್ಲ ಮೊದಲ ಮೂರು ವರ್ಷ ಮರದ ದುಡ್ಡು 12% ಗಳಿಸೋ ಬದಲು 7% ಗಳಿಸಿದ್ದರಿಂದ ಬಿದ್ದ ಹೊಡೆತ, ಅದು 12% ಸಾಲದ ಮೇಲೆ ವರ್ಷ ವರ್ಷ ಬೆಳೆದು ಅಷ್ಟಾಯ್ತು. ಅಂದ್ರೆ ಈ ತೋಟದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಐಆರ್‌ಆರ್ ಎಷ್ಟು ಅನ್ನೋದಲ್ಲ, ಮರ ಮಾರಿದ ದುಡ್ಡು ಗುಂಡಿ ತೆಗೆಸೋ ತನಕ, ಗಿಡಕ್ಕೆ ಕಪಾತು ಗೊಬ್ಬರ ಮಾಡೋ ತನಕ ಎಲ್ಲಿ ಕೂತಿರತ್ತೆ ಅನ್ನೋದು.

ಅದಕ್ಕೆ ಒಂದು ದಾರಿ ಇದೆ. ನಿಮಗೆ ಈಗಾಗಲೇ 12%ನ ಓವರ್‌ಡ್ರಾಫ್ಟ್ ಸಾಲ ಬೇರೆ ತೋಟದ ಮೇಲೋ ವ್ಯಾಪಾರದ ಮೇಲೋ ಇದ್ರೆ, ಮರದ ದುಡ್ಡನ್ನ ಎಫ್‌ಡಿ ಮಾಡಬೇಡಿ, ಆ ಓವರ್‌ಡ್ರಾಫ್ಟಿಗೆ ತುಂಬಿಬಿಡಿ, ಬೇಕಾದಾಗ ಬೇಕಾದಷ್ಟೇ ವಾಪಸ್ ತೆಗೀರಿ. ಉಳಿಸಿದ 12% ಬಡ್ಡಿಯೇ ಆ ದುಡ್ಡಿನ ಗಳಿಕೆ. ಆಗ ಕೊನೇಲಿ ಉಳಿಯೋ ಸಾಲ 16.5 ಅಲ್ಲ, 2.6 ಲಕ್ಷ. ಆದ್ರೆ ಇದು ಓವರ್‌ಡ್ರಾಫ್ಟಿಗೆ ಮಾತ್ರ ಸರಿ. ಟರ್ಮ್ ಲೋನಿಗೆ ಕಟ್ಟಿಬಿಟ್ರೆ ಆ ದುಡ್ಡು ಮತ್ತೆ ಕೈಗೆ ಬರಲ್ಲ, ಎರಡನೇ ವರ್ಷ ಕೂಲಿ ಕೊಡೋಕೆ ಹೊಸ ಸಾಲಕ್ಕೆ ಅರ್ಜಿ ಹಾಕ್ಕೊಂಡು ಕೂರಬೇಕಾಗತ್ತೆ. ಲಿಮಿಟ್ ಎಷ್ಟಿದೆ, ಪ್ರತಿ ವರ್ಷ ರಿನ್ಯೂ ಮಾಡುವಾಗ ಬ್ಯಾಂಕಿನವರು ಅದನ್ನ ಕಮ್ಮಿ ಮಾಡ್ತಾರಾ ಅಂತ ಮೊದಲೇ ಬಾಯಿಬಿಟ್ಟು ಕೇಳಿ.

ಈಗ ಆಗ್ಲೇ ಹೇಳಿದ ಒಂದೂ ಉತ್ತರ ಬರದ ಕೇಸು. ನಿಮ್ಮ 8 ಲಕ್ಷದ ಜಾಗದಲ್ಲಿ 8.5 ಅಂತ ಹಾಕಿ, ಉಳಿದಿದ್ದೆಲ್ಲ ಹಾಗೇ ಇರಲಿ. ವರ್ಷಕ್ಕೆ ಐವತ್ತು ಸಾವಿರ ಜಾಸ್ತಿ, ಎಕರೆಗೆ ಐದು ಸಾವಿರ ಅಷ್ಟೇ. ಎನ್‌ಪಿವಿಯ ಗೆರೆ ಪೂರ್ತಿ ಸ್ವಲ್ಪ ಮೇಲಕ್ಕೆ ಏಳತ್ತೆ, ತೀರಾ ಕೆಳಗೆ ಇಳಿಯೋ 15%ರ ಹತ್ರನೂ 43 ಸಾವಿರ ಲಾಭದಲ್ಲೇ ಇರತ್ತೆ. ಸೊನ್ನೆಯನ್ನ ಎಲ್ಲೂ ಮುಟ್ಟಲ್ಲ. ಐಆರ್‌ಆರ್ ಕೇಳಿದ್ರೆ ಎಕ್ಸೆಲ್ #NUM! ಅಂತ ತೋರಿಸತ್ತೆ, ಯಾವ ಅಂದಾಜು ಕೊಟ್ರೂ ಅಷ್ಟೇ. ಪ್ರಾಜೆಕ್ಟ್ ಹಿಂದಿಗಿಂತ ಚೆನ್ನಾಗಾಯ್ತು, ಐಆರ್‌ಆರ್ ಮಾತ್ರ ಮಾಯ ಆಯ್ತು! ಇದನ್ನ ನೋಡಿ ಶೀಟಲ್ಲೇ ಏನೋ ತಪ್ಪಿದೆ ಅಂತ ನಂಬರ್ ತಿದ್ದೋಕೆ ಹೋಗೋರನ್ನ ನೋಡಿದ್ದೀನಿ, ದಯವಿಟ್ಟು ಹಾಗೆ ಮಾಡಬೇಡಿ. ಸ್ವಂತ ಜಮೀನಿನವರಿಗೆ ಇದು ಇನ್ನೂ ಜಾಸ್ತಿ ಆಗತ್ತೆ. ಇದೇ ತೋಟ ನಿಮ್ಮದೇ ಆಗಿದ್ದು 8 ಲಕ್ಷ 20ನೇ ವರ್ಷದ ತನಕ ಬರೋದಾದ್ರೆ, 12%ಗೆ ಎನ್‌ಪಿವಿ 9.5 ಲಕ್ಷ ಲಾಭ, ಯಾವ ದರದಲ್ಲೂ ನಷ್ಟ ಇಲ್ಲ, ಐಆರ್‌ಆರ್ ಅನ್ನೋದು ಅಲ್ಲೂ ಇಲ್ಲ.

ಭಾವ ಇದನ್ನ ಓದಿ, ಹಾಗಾದ್ರೆ ಹೋಗೋ ದುಡ್ಡಿಗೊಂದು, ಬರೋ ದುಡ್ಡಿಗೊಂದು ದರ ನಾವೇ ಕೊಡೋ MIRR ಫಂಕ್ಷನ್ ಹಾಕೋಣ, ಅದು ಒಂದೇ ಉತ್ತರ ಕೊಡತ್ತಲ್ಲ ಅನ್ನಬಹುದು. ಕೊಡತ್ತೆ. =MIRR(B2:B14,12%,12%) ಅಂತ ಹಾಕಿದ್ರೆ 11.9% ಬರತ್ತೆ, 12ಕ್ಕಿಂತ ಒಂಚೂರು ಕಮ್ಮಿ, ಎನ್‌ಪಿವಿ ಹೇಳಿದ್ದನ್ನೇ ಹೇಳ್ತಿದೆ. ಮೂರನೇ ಜಾಗದಲ್ಲಿ 7% ಹಾಕಿದ್ರೆ 8.2% ಬರತ್ತೆ. ಆದ್ರೆ ಆ 7% ದರವನ್ನ ಅದು ಮರದ ದುಡ್ಡಿನ ಜೊತೆ 5ನೇ ವರ್ಷದಿಂದ ಬರೋ ಕಾಫಿ ದುಡ್ಡಿಗೂ ಹಾಕತ್ತೆ, 12ನೇ ವರ್ಷದ ತನಕ ಎಲ್ಲವನ್ನೂ ಎಫ್‌ಡಿಯಲ್ಲೇ ಇಟ್ಟ ಹಾಗೆ. ನೀವು ಆ ದುಡ್ಡನ್ನ 12%ನ ಸಾಲಕ್ಕೆ ಕಟ್ತಾ ಇರ್ತೀರಿ, ಎಫ್‌ಡಿಗೆ ಹಾಕಲ್ಲ. ಬ್ಯಾಂಕಿನವರು ಒಂದು ಪರ್ಸೆಂಟೇಜ್ ಬರೀರಿ ಅಂತ ಫಾರಂ ಕೊಟ್ರೆ MIRR ಬರೀರಿ, ಯಾವ ದರ ಹಾಕಿದ್ದು ಅಂತ ಪಕ್ಕದಲ್ಲೇ ನಮೂದಿಸಿ. ನಿಮ್ಮ ಮನೆಯ ತೀರ್ಮಾನಕ್ಕೆ ಪಾಸ್‌ಬುಕ್ ಲೆಕ್ಕವೇ ಸಾಕು, ಅದರಲ್ಲಿ ಯಾವ ವರ್ಷ ಎಷ್ಟು ಸಾಲ ಬೇಕು ಅನ್ನೋದೂ ಕಾಣತ್ತೆ.

ಚಿಹ್ನೆ ಎರಡು ಮೂರು ಸಲ ಬದಲಾದ ಕೂಡ್ಲೇ ಎಲ್ಲಾ ಐಆರ್‌ಆರ್ ಹಾಳು ಅಂತಲೂ ತಿಳ್ಕೋಬೇಡಿ. ಸುಲಭದ ಒಂದು ಪರೀಕ್ಷೆ ಇದೆ, ನಾರ್‌ಸ್ಟ್ರಾಮ್ ಅನ್ನೋರು 1972ರಲ್ಲಿ ಕೊಟ್ಟಿದ್ದು. ವರ್ಷದ ನಂಬರ್‌ಗಳನ್ನ ಬಡ್ಡಿ ಇಲ್ಲದೇ ಕೂಡ್ತಾ ಹೋಗಿ, ಆ ಕೂಡಿದ ಮೊತ್ತದ ಚಿಹ್ನೆ ಒಂದೇ ಸಲ ಬದಲಾಗಿ ಕೊನೇದು ಸೊನ್ನೆ ಅಲ್ಲದಿದ್ರೆ, ಸೊನ್ನೆಗಿಂತ ಮೇಲಿನ ಐಆರ್‌ಆರ್ ಒಂದೇ ಇರತ್ತೆ, ಎರಡರ ಭಯ ಇಲ್ಲ. ಉದಾಹರಣೆಗೆ ಹೊಸದಾಗಿ ತೋಟ ಮಾಡಿ, ಫಸಲು ಬರೋಕೆ ಶುರುವಾದ ಮೇಲೆ ಒಂದು ವರ್ಷ ಸ್ಪ್ರಿಂಕ್ಲರ್ ಮೋಟರು ಪೈಪು ಎಲ್ಲ ಬದಲಿಸಿ ಆ ವರ್ಷ ಮೈನಸ್ ಆಯ್ತು ಅನ್ನಿ. ವರ್ಷದ ಚಿಹ್ನೆ ಮೂರು ಸಲ ಬದಲಾಗತ್ತೆ, ಆದ್ರೆ ಹಾಕಿದ ಅಸಲು ಇನ್ನೂ ವಾಪಸ್ ಬಂದಿರಲ್ಲ, ಹಾಗಾಗಿ ಕೂಡಿದ ಮೊತ್ತ ಮೈನಸ್ಸಲ್ಲೇ ಇದ್ದು ಕೊನೇಲಿ ಒಂದೇ ಸಲ ಪ್ಲಸ್ ಆಗತ್ತೆ, ಐಆರ್‌ಆರ್ ಒಂದೇ. ನಿಮ್ಮದನ್ನ ಕೂಡಿದ್ರೆ 50, 25, 0, ಮೈನಸ್ 25, ಮೈನಸ್ 50, ಅಲ್ಲಿಂದ ಏರ್ತಾ ಹೋಗಿ 11ನೇ ವರ್ಷಕ್ಕೆ 6, ಕೊನೆಗೆ 14. ಇಲ್ಲೂ ಎರಡು ಸಲ ಬದಲಾಯ್ತು. ಈ ಪರೀಕ್ಷೆ ಪಾಸಾಗ್ಲಿಲ್ಲ ಅಂದ ಮಾತ್ರಕ್ಕೆ ಎರಡು ಉತ್ತರ ಗ್ಯಾರಂಟಿ ಅಂತಲ್ಲ, ಬೇರೆ ಬೇರೆ ದರಕ್ಕೆ ಎನ್‌ಪಿವಿ ಹಾಕಿ ನೋಡಲೇಬೇಕು ಅಂತ ಅರ್ಥ.

ಇನ್ನು ತೀರ್ಮಾನ. ಐಆರ್‌ಆರ್ ಬಿಟ್ಟು ಈ ಪ್ರಶ್ನೆ ಕೇಳ್ಕೊಳ್ಳಿ, ಸಾಲ ಪೂರ್ತಿ ತೀರಬೇಕು ಅಂದ್ರೆ 5ನೇ ವರ್ಷದಿಂದ ವರ್ಷಕ್ಕೆ ಕನಿಷ್ಠ ಎಷ್ಟು ಜಾಸ್ತಿ ಬರಬೇಕು? ಮರದ ದುಡ್ಡು ಎಫ್‌ಡಿಯಲ್ಲಿಟ್ಟು 12 ವರ್ಷದ ಒಪ್ಪಂದದಲ್ಲೇ ಹೋದ್ರೆ 9.35 ಲಕ್ಷ ಬೇಕು. ಓವರ್‌ಡ್ರಾಫ್ಟ್ ದಾರಿ ಹಿಡಿದ್ರೆ 8.2 ಸಾಕು. ಒಪ್ಪಂದವನ್ನ 15 ವರ್ಷಕ್ಕೆ ಮಾಡ್ಕೊಂಡು ಎಫ್‌ಡಿಯಲ್ಲೇ ಇಟ್ರೆ 7.8, ಹಾಗಾದ್ರೆ ನಿಮ್ಮ 8 ಲಕ್ಷದಲ್ಲಿ ಸಾಲ ತೀರಿ 15ನೇ ವರ್ಷಕ್ಕೆ 3.8 ಲಕ್ಷ ಕೈಯಲ್ಲಿ ಉಳಿಯತ್ತೆ, ಅದು ಬಹಳ ಬಿಗಿ. ಎರಡೂ ಸೇರಿದ್ರೆ, ಅಂದ್ರೆ 15 ವರ್ಷವೂ ಓವರ್‌ಡ್ರಾಫ್ಟೂ, 6.9 ಲಕ್ಷ ಬಂದ್ರೆ ಸಾಕು. ನನ್ನ ಪ್ರಕಾರ ಈ ಕೊನೇದಿದ್ರೆ ಮಾತ್ರ ಕೆಲಸ ಶುರು ಮಾಡಿ, ಯಾಕಂದ್ರೆ ಹೂ ಮಳೆ ಒಂದು ವರ್ಷ ಕೈ ಕೊಟ್ರೂ, ಕಾಫಿ ರೇಟ್ ಇಳಿದ್ರೂ ಒಂದಿಷ್ಟು ತಡ್ಕೊಳ್ಳೋ ಜಾಗ ಅದರಲ್ಲಿ ಮಾತ್ರ ಇದೆ.

ದೊಡ್ಡಪ್ಪನ ಹತ್ರ ಇದನ್ನ ಮಾತಾಡೋದು ಕಷ್ಟ ಅಲ್ಲ ಅನ್ಸತ್ತೆ. 15 ವರ್ಷ ಆದ್ಮೇಲೆ ಅವರಿಗೆ ವಾಪಸ್ ಹೋಗೋದು ಮುದಿ ಗಿಡದ ತೋಟ ಅಲ್ಲ, ಒಳ್ಳೇ ಫಸಲಲ್ಲಿರೋ ಹೊಸ ರೋಬಸ್ಟಾ, ಅದರ ಬೆಲೆ ಪೂರ್ತಿ ಅವರಿಗೇ ಸಿಗತ್ತೆ, ನಿಮ್ಮ ಲೆಕ್ಕದಲ್ಲಿ ಅದಕ್ಕೆ ಒಂದು ರೂಪಾಯಿನೂ ಇಲ್ಲ. ಮೂರು ವರ್ಷ ಜಾಸ್ತಿ ಕೇಳೋದಕ್ಕೆ ಅಷ್ಟು ಕಾರಣ ಸಾಕು. ಮಾತು ಬಾಯಲ್ಲೇ ಬಿಡದೆ ಪತ್ರದಲ್ಲಿ ಬರೆಸ್ಕೊಳ್ಳಿ, ಮರ ಕಡಿಸೋ ಮೊದಲೇ, ಯಾಕಂದ್ರೆ 50 ಲಕ್ಷ ಕೈಗೆ ಬಂದ ಮೇಲೆ ನಾಲ್ಕು ವರ್ಷದ ಖರ್ಚಿನಿಂದ ಹಿಂದೆ ಸರಿಯೋಕೆ ಆಗಲ್ಲ.

ಇನ್ನೊಂದು ಷರತ್ತು ನಿಮ್ಮ 8 ಲಕ್ಷದ ಬಗ್ಗೆನೇ. ಆ ಸಿಲ್ವರ್ ಓಕ್ ಮರಗಳ ಮೇಲೆ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದೀರಾ? ನಮ್ಮ ಕಡೆ ಬರೀ ಸಿಲ್ವರ್ ನಿಲ್ಸಿರೋರು ಕಮ್ಮಿ. ಮರ ಹೋದ್ರೆ ಬಳ್ಳಿನೂ ಹೋಗತ್ತೆ, ಹೊಸ ಮರ ಎದ್ದು ಅದರ ಮೇಲೆ ಬಳ್ಳಿ ಹತ್ತಿ ಮೆಣಸು ಕುಯ್ಯೋಕೆ ಕಾಫಿಗಿಂತ ಜಾಸ್ತಿ ಕಾಯ್ಬೇಕು. ನಾಲ್ಕು ವರ್ಷದ 25 ಲಕ್ಷದಲ್ಲಿ ಕೈಬಿಟ್ಟ ಫಸಲು ಅಂತ ಸೇರಿಸಿದ್ದೀರಲ್ಲ, ಅದು ಬರೀ ಕಾಫಿನಾ, ಮೆಣಸೂ ಸೇರಿನಾ? 5ನೇ ವರ್ಷದಿಂದ ಬರೋ 8 ಲಕ್ಷದಲ್ಲಿ ಆಗಲೂ ಇಲ್ಲದಿರೋ ಮೆಣಸಿನ ದುಡ್ಡು ಕಳೆದಿದ್ದೀರಾ? ಕಳೆದಿಲ್ಲ ಅಂದ್ರೆ, ವರ್ಷಕ್ಕೆ ಒಂದೂಕಾಲು ಲಕ್ಷದ ಮೆಣಸು ಅಂತ ಹಿಡಿದ್ರೂ ನಿಮ್ಮ 8 ಲಕ್ಷ 6.75ಕ್ಕೆ ಬರತ್ತೆ, ಆಗ 15 ವರ್ಷವೂ ಓವರ್‌ಡ್ರಾಫ್ಟೂ ಎರಡಿದ್ರೂ ಸಾಲ ತೀರಲ್ಲ. ಹಿಂದಿನ ನಾಲ್ಕೈದು ವರ್ಷದ ಮೆಣಸಿನ ಮಾರಾಟದ ಚೀಟಿಗಳನ್ನ ತೆಗೆದು ಸರಾಸರಿ ಹಾಕಿ, ಅದನ್ನ ಕಳೆದು ಹೊಸ ನಂಬರ್ ಮಾಡಿ, ಅದು 6.9ಕ್ಕಿಂತ ಎಷ್ಟು ಮೇಲಿದೆ ಅಂತ ನೋಡಿ ಆಮೇಲೆ ಮರದ ವ್ಯಾಪಾರಿಗೆ ಫೋನ್ ಮಾಡಿ.